ಕಂಡರೂ ಕೈಗೆಟುಕದ ಲಾಭ
ಪೇಟೆಯ ಬೆಲೆಯಲ್ಲಿ ತಿಳಿದ ಮಾಹಿತಿಯೆಲ್ಲ ಸೇರಿರುತ್ತದೆ ಎನ್ನುವ ಯುಜೀನ್ ಫಾಮಾ ವಾದಕ್ಕೆ 2000ದ ಮಾರ್ಚ್ 2ರಂದು ಅಮೆರಿಕದಲ್ಲಿ ವಿಚಿತ್ರ ಸವಾಲು ಎದುರಾಯಿತು. ತ್ರೀಕಾಮ್ ಕಂಪನಿ ತನ್ನ ಅಂಗಸಂಸ್ಥೆ ಪಾಮ್‌ನ ಶೇಕಡಾ 5ರಷ್ಟು ಶೇರನ್ನು ಮಾತ್ರ ಪೇಟೆಗೆ ಬಿಟ್ಟಿತ್ತು. ತ್ರೀಕಾಮ್‌ನ ಒಂದು ಶೇರಿದ್ದವರಿಗೆ ಮುಂದೆ ಪಾಮ್‌ನ ಸುಮಾರು ಒಂದೂವರೆ ಶೇರು ಸಿಗುವುದಿತ್ತು. ಅಂದು ಪಾಮ್ 95 ಡಾಲರಿಗೆ ನಿಂತಿತು. ಅಂದಮೇಲೆ ತ್ರೀಕಾಮ್ 142 ಡಾಲರಾದರೂ ಬಾಳಬೇಕು. ಬಾಳಿದ್ದು ಸುಮಾರು 82! ಶಾಲಾ ಹುಡುಗನೂ ಹಿಡಿಯಬಹುದಾದ ತಪ್ಪು. ಆದರೆ ಅದರಿಂದ ಕಾಸು ಮಾಡಲು ಪಾಮ್ ಶೇರನ್ನು ಎರವಲು ತಂದು ಮಾರಬೇಕಿತ್ತು. ಎರವಲಿಗೆ ಶೇರೇ ಸಿಗುತ್ತಿರಲಿಲ್ಲ, ಸಿಕ್ಕರೂ ಬಾಡಿಗೆ ದುಬಾರಿ. ಸುಲಭವಾಗಿ ಬಳಸಿಕೊಳ್ಳಬಹುದಾದ ತಪ್ಪನ್ನು ವೃತ್ತಿಪರರು ಕ್ಷಣದಲ್ಲೇ ಅಳಿಸುತ್ತಾರೆ, ನಮ್ಮ ಪಾಲಿಗೆ ದಲ್ಲಾಳಿ ಶುಲ್ಕ ಉಳಿಯುತ್ತದೆ. ಅಳಿಯದೆ ಉಳಿಯುವ ತಪ್ಪುಗಳೆಂದರೆ ಬಹುಪಾಲು ಹೀಗೆ ಎರವಲು ಸಿಗದ, ವಹಿವಾಟು ತೆಳುವಾದ ಮೂಲೆಗಳವು.