ಅಲುಗಾಟ ತೆಗೆಯಲು ಹೋಗಿ ಆಯತ ಬಾಗಿತು

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಜವನಗೊಂಡನಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಆಯತದ ಗುಣಗಳ ಪಾಠವಿತ್ತು. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಅಳತೆಪಟ್ಟಿ ಇಟ್ಟು ಕಪ್ಪುಹಲಗೆಯ ಮೇಲೆ ಆಯತವನ್ನು ನೇರವಾಗಿಯೇ ಎಳೆದರು. ಹಿಂದಿನ ಬೆಂಚಿನಲ್ಲಿ ಕುಳಿತು ನಾನೇ ನೋಡಿದ್ದೇನೆ. ಸಹಪಾಠಿಯೊಬ್ಬರು ಮೊಬೈಲನ್ನು ಕೈಯಲ್ಲೇ ಹಿಡಿದು ಚಿತ್ರೀಕರಿಸಿದರು. ವಾರದ ನಂತರ ವಿಮರ್ಶಾ ಸಭೆಯಲ್ಲಿ ಆ ವಿಡಿಯೊ ಹಾಕಿದಾಗ ಆಯತದ ಬಲಬದಿ ಬಿಲ್ಲಿನಂತೆ ಬಾಗುತ್ತಿತ್ತು, ಮರುಕ್ಷಣ ನೆಟ್ಟಗಾಗುತ್ತಿತ್ತು. ಶಾಲೆಗೆ ಬಂದಿರದ ಇಬ್ಬರು ವೀಕ್ಷಕರು ಕಪ್ಪುಹಲಗೆ ಬಳಕೆಯ ಅಂಕ ಕಡಿಮೆ ಮಾಡಿದರು.

ಬಾಗಿಸಿದ್ದು ಪ್ರಶಿಕ್ಷಣಾರ್ಥಿಯ ಕೈಯಲ್ಲ, ಅಲುಗಾಟ ತೆಗೆಯುವ ತಂತ್ರಾಂಶ. ಅದು ಚೌಕಟ್ಟಿನಿಂದ ಚೌಕಟ್ಟಿಗೆ ನೂರಾರು ಬಿಂದುಗಳನ್ನು ಹಿಂಬಾಲಿಸಿ, ಕ್ಯಾಮೆರಾ ಎತ್ತ ಸರಿಯಿತೆಂದು ಲೆಕ್ಕ ಹಾಕಿ, ಚಿತ್ರವನ್ನು ಅದಕ್ಕೆ ವಿರುದ್ಧವಾಗಿ ಸರಿಸುತ್ತದೆ. ಇಡೀ ಚೌಕಟ್ಟನ್ನು ಒಂದೇ ಹಾಳೆಯಂತೆ ಸರಿಸಿ, ತಿರುಗಿಸಿ, ಹಿಗ್ಗಿಸಿದರೆ ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಆದರೆ ಅಡೋಬಿ ಪ್ರೀಮಿಯರ್‌ನ Warp Stabilizer ಹಾಕಿದೊಡನೆ ತಾನಾಗಿ ಬರುವ ವಿಧಾನ Subspace Warp. ಅದು ಚಿತ್ರದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ರೀತಿ ಎಳೆಯುತ್ತದೆ. ಕೈ ಪಕ್ಕಕ್ಕೆ ಸರಿದಾಗ ಮುಂದಿನ ಬೆಂಚಿನ ಮಕ್ಕಳ ತಲೆಗಳು ಚಿತ್ರದಲ್ಲಿ ಹೆಚ್ಚು ಸರಿಯುತ್ತವೆ, ದೂರದ ಹಲಗೆ ಕಡಿಮೆ ಸರಿಯುತ್ತದೆ. ಎರಡನ್ನೂ ಸ್ಥಿರವಾಗಿಡಲು ಹೊರಟ ತಂತ್ರಾಂಶ ತಲೆಗಳ ಹಿಂದಿನ ಹಲಗೆಯನ್ನೂ ಜೊತೆಗೆ ಜಗ್ಗುತ್ತದೆ. ನಮ್ಮ ಆಯತದ ಬಲಬದಿಯ ಮುಂದೆ ಒಬ್ಬ ಹುಡುಗ ಉತ್ತರ ಹೇಳಲು ಎದ್ದು ನಿಂತಿದ್ದ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಪರದೆಯ ಮೇಲೆ ಹಲಗೆಯ ಅಂಚಿಗೋ ಕಿಟಕಿಯ ಸರಳಿಗೋ ಒಂದು ಕಾಗದದ ಅಂಚು ಹಿಡಿದು ವಿಡಿಯೊ ಓಡಿಸಿ. ಮೂಲದಲ್ಲಿ ನೇರವಾಗಿದ್ದು ತಿದ್ದಿದ ಪ್ರತಿಯಲ್ಲಿ ಮಾತ್ರ ಬಾಗಿದರೆ ಅದು ತಂತ್ರಾಂಶದ ಕೆಲಸ. ಮೊಬೈಲನ್ನು ಸರಕ್ಕನೆ ತಿರುಗಿಸಿದಾಗ ಮೂಲದಲ್ಲೇ ಸರಳುಗಳು ಓರೆಯಾದರೆ ಕಾರಣ ಬೇರೆ: ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಕೆಳಸಾಲು ಓದುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ವಿಧಾನ ಬದಲಿಸಿದರೆ ಅದು ಸರಿಹೋಗದು, ನಿಧಾನವಾಗಿ ತಿರುಗಿಸಬೇಕು.

ಮೂಲ ವಿಡಿಯೊ ಸಿಕ್ಕಿದ್ದರಿಂದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಮತ್ತೆ ಕೂತೆವು. Stabilization ವಿಭಾಗದಲ್ಲಿ Perspective ಬಿಟ್ಟು Similarity ಆರಿಸಿಕೊಂಡೆವು. Perspective ಗೆರೆಯನ್ನು ಬಾಗಿಸುವುದಿಲ್ಲ, ಆದರೆ ಆಯತವನ್ನು ಆಗಾಗ ತ್ರಾಪಿಜ್ಯದಂತೆ ಮಾಡುತ್ತದೆ. ರೇಖಾಗಣಿತದ ಪಾಠಕ್ಕೆ ಅದೂ ಬೇಡ. ಚಿತ್ರ ಸರಿದಾಗ ಅಂಚಿನಲ್ಲಿ ಕಪ್ಪು ಪಟ್ಟಿ ಬರುವುದರಿಂದ ಒಳಕ್ಕೆ ಕತ್ತರಿಸಲೇಬೇಕು. ಎಷ್ಟು ಕತ್ತರಿಸಲು ಒಪ್ಪುತ್ತೀರಿ ಎಂಬುದನ್ನು Cropping Ratio ಹೇಳುತ್ತದೆ: 1.0 ಇಟ್ಟರೆ ಏನೂ ಆಗದು, ಇಳಿಸಿದಷ್ಟೂ ಬಿಗಿ. ನಾವು 0.9ರ ಸುಮಾರಿಗೆ ನಿಲ್ಲಿಸಿದೆವು. 1920×1080ರ ಚಿತ್ರದಲ್ಲಿ ಶೇಕಡ 90 ಉಳಿದರೆ 1728×972. ನಮ್ಮ ಅಂತಿಮ ಪ್ರತಿ 1280×720 ಆದ್ದರಿಂದ ಅಕ್ಷರಗಳ ಸ್ಪಷ್ಟತೆ ಕೆಡಲಿಲ್ಲ.

ತೊಂದರೆ ಎದುರಾದದ್ದು ಇನ್ನೊಂದು ಕಡೆ. ಗುಂಪು ಚಟುವಟಿಕೆ ತೋರಿಸಲು ಸಹಪಾಠಿ ಬೆಂಚುಗಳ ನಡುವೆ ನಡೆದಿದ್ದರು. ತುಣುಕು ಒಂದೇ ಆಗಿದ್ದರೆ ಎಲ್ಲಕ್ಕಿಂತ ದೊಡ್ಡ ಕುಲುಕಾಟವೇ ಇಡೀ ಪಾಠದ ಕತ್ತರಿಕೆಯನ್ನು ನಿರ್ಧರಿಸಿಬಿಡುತ್ತದೆ. ಹಾಗಾಗಿ ಆ ಭಾಗವನ್ನು ಕತ್ತರಿಸಿ ಬೇರೆ ಮಾಡಿ, ಅಲುಗಾಟ ಇದ್ದ ಹಾಗೆಯೇ ಬಿಟ್ಟೆವು. ಇನ್ನೊಂದು ನಷ್ಟವನ್ನು ತಡೆಯಲಾಗಲಿಲ್ಲ. ಹಲಗೆಯನ್ನು ಅಂಚಿನಿಂದ ಅಂಚಿಗೆ ತುಂಬಿಸಿ ಚಿತ್ರೀಕರಿಸಿದ್ದರಿಂದ ಬಲಮೂಲೆಯ ದಿನಾಂಕ ಕತ್ತರಿಸಿಹೋಯಿತು. ಸುತ್ತ ಹತ್ತನೇ ಒಂದು ಪಾಲು ಗೋಡೆ ಬಿಟ್ಟು ಹಿಡಿದಿದ್ದರೆ ಉಳಿಯುತ್ತಿತ್ತು.

ತಿದ್ದಿದ ಪ್ರತಿಯಲ್ಲೂ ಕೆಲವೆಡೆ ಚಿತ್ರ ನಿಂತಿದ್ದರೂ ಅಕ್ಷರ ಕ್ಷಣಕಾಲ ಮಸುಕಾಗುತ್ತದೆ. ಕೈ ಅಲುಗಿದಾಗ ಚೌಕಟ್ಟಿನೊಳಗೇ ಬಿದ್ದ ಮಸುಕು ಅದು, ಆಮೇಲೆ ಯಾವ ತಂತ್ರಾಂಶವೂ ಸುಲಭವಾಗಿ ತೆಗೆಯದು. ಮೊಬೈಲಿನಲ್ಲಿ ಶಟರ್ ನಿಗದಿ ಮಾಡುವ ಸೌಲಭ್ಯವಿದ್ದರೆ 1/100 ಸೆಕೆಂಡು ಇಡಬಹುದು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನ ಮಿನುಗೂ ಕಾಣುವುದಿಲ್ಲ.

ಟ್ರೈಪಾಡ್ ಕೊಂಡರೆ ಮುಗಿಯಿತಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ಹಲಗೆಯ ಭಾಗಕ್ಕೆ ಒಪ್ಪುತ್ತೇನೆ. ಮಕ್ಕಳ ಗುಂಪಿನ ಹತ್ತಿರ ಹೋಗಲು ಕೈಯೇ ಬೇಕು. ನನ್ನ ತಕರಾರು ಇರುವುದು ಸಿನಿಮಾದಂತೆ ನಯವಾಗಿ ತೇಲುವ ವಿಡಿಯೊವೇ ಉತ್ತಮ ದಾಖಲೆ ಎಂಬ ನಂಬಿಕೆಯ ಬಗ್ಗೆ. ಮೌಲ್ಯಮಾಪನಕ್ಕೆ ಹೋಗುವ ವಿಡಿಯೊ ಸ್ವಲ್ಪ ತೂಗಾಡಿದರೆ ಯಾರ ಅಂಕವೂ ಹೋಗದು. ವೀಕ್ಷಣಾ ನಮೂನೆಯಲ್ಲಿ ಯಾವ ವಿಧಾನದಿಂದ ತಿದ್ದಲಾಗಿದೆ ಎಂದು ಒಂದು ಸಾಲು ಬರೆಸಬೇಕು, ಅಂಕ ಅಂತಿಮವಾಗುವವರೆಗೆ ಮೂಲ ವಿಡಿಯೊ ಅಳಿಸಬಾರದು.

ಆಯತದ ಪಾಠದ ಅಂಕವನ್ನು ವೀಕ್ಷಕರು ಮೂಲ ನೋಡಿ ತಿದ್ದಿದರು. ಅದೇ ವಾರ ನಕ್ಷೆ ಎಳೆಯುವ ಪಾಠ ಮಾಡಿದ ಇನ್ನೊಬ್ಬರ ವಿಡಿಯೊದಲ್ಲೂ ಹಲಗೆ ಬಾಗುತ್ತಿತ್ತು. ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿದ್ದರು. ಅವರ ಅಂಕ ಹಾಗೆಯೇ ಇದೆ.