ರಾತ್ರಿ ಹನ್ನೊಂದರ ಮೇಲೆ ಬಂದು ಬಾಗಿಲು ತಟ್ಟುವ ಹಳೆಯ ತಪ್ಪು



ನಮ್ಮ ಮೂಕಂಡಪಲ್ಲಿಯ ಹುಡುಗರಲ್ಲಿ ಅರ್ಧದಷ್ಟು ಜನ ಸಿಪ್‌ಕಾಟ್‌ನ ಶಿಫ್ಟ್ ಕೆಲಸದಲ್ಲಿದ್ದಾರೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಊಟ ಮಾಡಿ, ಮೊಬೈಲ್ ಪಕ್ಕಕ್ಕಿಟ್ಟು ಮಲಗಿದ ಮೇಲೆ ಒಂದು ಹೊತ್ತು ಬರುತ್ತದೆ. ಮಿಷಿನ್ ಸದ್ದಿಲ್ಲ, ಮಾತಾಡುವವರಿಲ್ಲ. ಆಗ ಎಷ್ಟೋ ವರ್ಷದ ಹಿಂದೆ ಮಾಡಿದ್ದು ಮೆಲ್ಲಗೆ ಬಂದು ತಲೆದಿಂಬಿನ ಪಕ್ಕ ಕೂರುತ್ತದೆ.

ಯುವಕೂಟದ ತಮ್ಮನೊಬ್ಬ ಇದನ್ನು ನಮ್ಮ ಬಳಿ ಹೇಳಿಕೊಂಡ. ಹೆಸರಿಲ್ಲದೆ ಬರೆಯಬಹುದು ಎಂದು ಅವನೇ ಒಪ್ಪಿದ್ದಾನೆ. 2019ರಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ, ಲ್ಯಾಬ್ ಫೀಸು, ಪರೀಕ್ಷೆ ಫೀಸು ಎಂದು ಸುಳ್ಳು ಹೇಳಿ ಅಮ್ಮನಿಂದ ಎಂಟು ಸಾವಿರ ರೂಪಾಯಿ ತೆಗೆದುಕೊಂಡು ಮೊಬೈಲ್ ಕೊಂಡ. ಅಮ್ಮ ಆ ಹಣಕ್ಕಾಗಿ ನಾಲ್ಕು ಗ್ರಾಮಿನ ಓಲೆ ಗಿರವಿ ಇಟ್ಟಿದ್ದರು. ಬಡ್ಡಿ ಕಟ್ಟಲಾಗದೆ ಓಲೆ ಹರಾಜಿಗೆ ಹೋಯಿತು. ಅವನು ಬಾಯಿ ಬಿಡಲಿಲ್ಲ. "ಅಮ್ಮನ ಕಿವಿ ನೋಡಿದರೆ ಆಗಲ್ಲಣ್ಣ. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಅದೇ ಬರುತ್ತೆ" ಎಂದ.

ಇಂಥವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: "ಬಿಟ್ಟಾಕು, ಯೋಚನೆ ಮಾಡಬೇಡ." ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಕೆಲಸಕ್ಕೆ ಬಾರದ ಸಲಹೆ ಇನ್ನೊಂದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಒತ್ತಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಅವರಿಗೇ ಕರಡಿ ಹೆಚ್ಚು ಬಂತು. ಒಂದು ಯೋಚನೆ ಬರದಂತೆ ನೋಡಿಕೊಳ್ಳಬೇಕಾದರೆ ಅದು ಬಂತೇ ಎಂದು ಮನಸ್ಸು ಕಾವಲು ಕಾಯಬೇಕು; ಆ ಕಾವಲೇ ಅದನ್ನು ಕರೆತರುತ್ತದೆ. ರಾತ್ರಿ ಕೈಗೆ ಕೆಲಸವಿಲ್ಲ, ಕಾವಲಿಗೆ ಬಿಡುವೇ ಬಿಡುವು.

ಇದಕ್ಕೆ ವಿರುದ್ಧವಾದ ಇನ್ನೊಂದು ದಾರಿಯೂ ಇದೆ. ತಪ್ಪನ್ನು ಮತ್ತೆ ಮತ್ತೆ ಬಿಚ್ಚಿ ನೋಡುವುದು. ಭಕ್ತಿಯುಳ್ಳವರು ಹೆಚ್ಚಾಗಿ ಬೀಳುವುದು ಈ ಹಳ್ಳಕ್ಕೆ. ಲೊಯೋಲದ ಸಂತ ಇಗ್ನೇಷಿಯಸರು ಬಿದ್ದದ್ದೂ ಇದಕ್ಕೇ. 1522ರಲ್ಲಿ ಅವರು ಮಾಂಟ್ಸೆರಾಟ್‌ನಲ್ಲಿ ಇಡೀ ಬದುಕಿನ ಪಾಪಗಳನ್ನು ಬರೆದು, ಮೂರು ದಿನ ಹಿಡಿದು ಪಾಪನಿವೇದನೆ ಮಾಡಿದರು. ಆಮೇಲೆ ಮನ್ರೇಸಾ ಊರಿಗೆ ಬಂದರೆ, ಏನೋ ಹೇಳದೆ ಉಳಿದಿದೆ ಎಂಬ ಸಂಶಯ. ಮತ್ತೆ ಹೇಳಿದರು, ಮತ್ತೆ ಸಂಶಯ. ಹಳೆಯದನ್ನು ತೀರಾ ಸ್ಪಷ್ಟವಾಗಿದ್ದರೆ ಮಾತ್ರ ಹೇಳು ಎಂದರು ಪಾಪನಿವೇದನೆ ಕೇಳುವ ಗುರುಗಳು. ಅವರಿಗೋ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ದಿನಕ್ಕೆ ಏಳು ಗಂಟೆ ಪ್ರಾರ್ಥನೆ, ಒಂದು ವಾರ ಪೂರ್ತಿ ಉಪವಾಸ, ಯಾವುದಕ್ಕೂ ಹೋಗಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಯಿತು. ಕೊನೆಗೆ ಅವರು ಗಮನಿಸಿದ್ದು ಇದು: ಒಂದು ಪಾಪದ ನೆನಪು ಇನ್ನೊಂದನ್ನು ಎಳೆದು ತರುತ್ತಿದೆ, ಅದರಿಂದ ಒಳ್ಳೆಯದೇನೂ ಹುಟ್ಟುತ್ತಿಲ್ಲ, ಬದುಕೇ ಬೇಡವೆನಿಸುತ್ತಿದೆ. ಹಾಗಾದರೆ ಇದು ದೇವರಿಂದ ಬಂದದ್ದಲ್ಲ ಎಂದುಕೊಂಡು, ಹಿಂದಿನದನ್ನು ಇನ್ನು ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿದರು. ಅಂದಿನಿಂದ ಬಿಡುಗಡೆಯಾಯಿತು ಎಂದು ತಮ್ಮ ಜೀವನಕಥೆಯಲ್ಲಿ ಹೇಳಿಸಿದ್ದಾರೆ.

ಅವರು ಹಾಗೆ ನಿಲ್ಲಿಸಬಹುದಾಗಿತ್ತು, ಏಕೆಂದರೆ ಹೇಳಬೇಕಾದ್ದನ್ನು ಹೇಳಿ ಆಗಿತ್ತು. ನಮ್ಮ ತಮ್ಮನ ಪ್ರಕರಣ ಹಾಗಿರಲಿಲ್ಲ. ಅವನೂ ಎರಡು ಸಲ ಪಾಪನಿವೇದನೆಯಲ್ಲಿ ಹೇಳಿದ್ದನಂತೆ. ಆದರೆ ಅಮ್ಮನಿಗೆ ಹೇಳಿರಲಿಲ್ಲ. 'ನಿನ್ನನ್ನು ನೀನೇ ಕ್ಷಮಿಸಿಕೋ' ಎಂದು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕುವುದು ಸುಲಭ. ಸಾಲ ಅಮ್ಮನದು. ಅದನ್ನು ನಮಗೆ ನಾವೇ ಮನ್ನಾ ಮಾಡಿಕೊಳ್ಳಲು ನಾವ್ಯಾರು? ಜಕ್ಕಾಯ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಲೆಕ್ಕ ಹೇಳಿದ. ಕೊಡಬೇಕಾದ್ದು ಬಾಕಿ ಇದ್ದರೆ ರಾತ್ರಿಯ ಆ ತಟ್ಟುವಿಕೆಗೆ ಒಂದು ಅರ್ಥವಿದೆ. ಬಾಕಿ ತೀರಿದ ಮೇಲೂ ತಟ್ಟುತ್ತಿದ್ದರೆ ಅದು ಮನ್ರೇಸಾದ ಕಾಯಿಲೆ.

ಯಾವುದು ಯಾವುದೆಂದು ರಾತ್ರಿ ಮಲಗಿದಲ್ಲಿ ತಿಳಿಯುವುದಿಲ್ಲ, ಹಗಲಿನಲ್ಲಿ ಬರೆದರೆ ತಿಳಿಯುತ್ತದೆ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾವಿಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಅವನು ಮೊದಲು ಬರೆದದ್ದು, "ನಾನು ತಾಯಿಗೆ ದ್ರೋಹ ಮಾಡಿದ ನೀಚ." ಇದನ್ನು ಹೊಡೆದುಹಾಕು ಎಂದೆವು. ನೀಚನಿಗೆ ಮಾಡಲು ಏನೂ ಕೆಲಸವಿಲ್ಲ, ನೀಚನಾಗಿ ಮಲಗಿರುವುದಷ್ಟೇ. ಏನು ಮಾಡಿದೆ ಎಂದು ಬರೆ ಎಂದೆವು. ಆಗ ಬಂತು: ವಯಸ್ಸು ಹತ್ತೊಂಬತ್ತು, ಎಂಟು ಸಾವಿರ, ಫೀಸು ಎಂಬ ಸುಳ್ಳು, ನಾಲ್ಕು ಗ್ರಾಂ ಓಲೆ. ಓಲೆ ಗಿರವಿಗೆ ಹೋಗುತ್ತದೆಂದು ಆಗ ಗೊತ್ತಿತ್ತೇ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಹಣ ಕೊಟ್ಟ ಮೇಲೆ ಗೊತ್ತಾಯಿತು" ಎಂದ. ಸುಳ್ಳು ಹೇಳಿದ್ದು ಅವನದೇ. ಓಲೆಯನ್ನು ಬೇಕೆಂದೇ ಕಳೆದವನು ಮಾತ್ರ ಅವನಲ್ಲ. ರಾತ್ರಿಯ ನೆನಪು ಈ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು. ಈಗ ಗೊತ್ತಿರುವುದನ್ನು ಆಗಲೂ ಗೊತ್ತಿತ್ತು ಎಂದುಕೊಂಡು ನಮಗೆ ನಾವೇ ತೀರ್ಪು ಕೊಟ್ಟುಕೊಳ್ಳುವುದು ಬಹಳ ಸಾಮಾನ್ಯ.

ಹಾಳೆಯ ಕೊನೆಗೆ ಎರಡೇ ಕೆಲಸ ಉಳಿದವು. ಅಮ್ಮನಿಗೆ ಹೇಳುವುದು, ಓಲೆ ಮಾಡಿಸಿಕೊಡುವುದು.

ಅಮ್ಮ ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. "ಆ ಫೋನು ಈಗ ಎಲ್ಲಿದೆ?" ಎಂದು ಕೇಳಿದರಂತೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಕೆಲಸಕ್ಕೆ ಹೊರಟಾಗ ಎಂದಿನಂತೆ ಊಟದ ಡಬ್ಬಿ ಕೈಗಿಟ್ಟರು. ಎದುರಿಗಿರುವವರು ಇಷ್ಟೂ ಕೊಡದೆ ಇರಬಹುದು, ಅವರಿಗೆ ಆ ಹಕ್ಕಿದೆ. ನೋವಾದವರು ತೀರಿಕೊಂಡಿದ್ದರೆ, ಅಥವಾ ಹಳೆಯದನ್ನು ಕೆದಕಿದರೆ ಅವರಿಗೇ ಇನ್ನಷ್ಟು ನೋವಾಗುವಂತಿದ್ದರೆ, ಮೊದಲು ಗುರುಗಳನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಹೀಗೆ ಕ್ಷಮಿಸಿಕೊಂಡರೆ ಮತ್ತೆ ಅದೇ ತಪ್ಪು ಮಾಡಲು ಧೈರ್ಯ ಬರುವುದಿಲ್ಲವೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 2010ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 119 ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದವರಲ್ಲಿ, ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ದಿನ ತಳ್ಳಿದ್ದು ಕಡಿಮೆ. ಬೈದುಕೊಳ್ಳುತ್ತಲೇ ಇದ್ದರೆ ಪುಸ್ತಕ ಕಂಡರೇ ಬೇಸರ, ಹಾಗಾಗಿ ಪುಸ್ತಕದಿಂದ ದೂರ. ಅವನೂ ಅಷ್ಟು ವರ್ಷ ಅಮ್ಮನ ಮುಖ ತಪ್ಪಿಸಿಕೊಂಡೇ ಇದ್ದ.

ಆದರೂ ನೆನಪು ಬರುತ್ತದೆ. ಬಂದಾಗ ಅದರ ಜೊತೆ ವಾದಕ್ಕೆ ಇಳಿಯಬೇಡ, ಓಡಿಸಲೂ ಹೋಗಬೇಡ, 'ಇದು ಹಾಳೆಯಲ್ಲಿದೆ' ಎಂದಷ್ಟೇ ಹೇಳಿಕೋ ಎಂದೆವು. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಬಂದು ಮಲಗು. ಬಾಕಿಯೆಲ್ಲ ತೀರಿದ ಮೇಲೂ ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ, ಒಂದೇ ಪಾಪವನ್ನು ನಿವೇದಿಸಲು ಮತ್ತೆ ಮತ್ತೆ ಓಡುತ್ತಿದ್ದರೆ, ಅದು ವೈದ್ಯರಿಗೆ ತೋರಿಸಬೇಕಾದ್ದು. ಸಾಯಬೇಕೆನಿಸಿದರಂತೂ ಒಂದು ರಾತ್ರಿಯೂ ಕಾಯಬಾರದು. 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ. ನಿಮ್ಹಾನ್ಸ್ ಆಸ್ಪತ್ರೆಯೂ ಬೆಂಗಳೂರಿನಲ್ಲಿ ನಮ್ಮ ಹೊಸೂರು ರಸ್ತೆಯಲ್ಲೇ ಇದೆ.

ಚಿನ್ನದ ಬೆಲೆ ಈಗ ಕೇಳುವಂತಿಲ್ಲ. ತಮ್ಮ ತಿಂಗಳಿಗೆ ಎರಡು ಸಾವಿರದ ಚೀಟಿ ಹಾಕಿದ್ದಾನೆ. ಕಳೆದ ವಾರ ಸಿಕ್ಕಾಗ, "ಈಗಲೂ ಕೆಲವು ರಾತ್ರಿ ಬರುತ್ತಣ್ಣ" ಎಂದ. "ಬಂದರೆ ಏನ್ಮಾಡ್ತೀಯ?" ಎಂದು ಕೇಳಿದೆವು. "ಚೀಟಿ ಎಷ್ಟು ತಿಂಗಳು ಬಾಕಿ ಇದೆ ಅಂತ ಲೆಕ್ಕ ಹಾಕ್ತೀನಿ. ಅಷ್ಟರಲ್ಲಿ ನಿದ್ದೆ ಬರುತ್ತೆ" ಎಂದು ನಕ್ಕ.