ಎತ್ತರ ಆಮೇಲೆ, ಮೊದಲು ಇಳಿಯುವುದು

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರಿಗೆ ಉದ್ದ ಜಿಗಿತದ ಗುರಿ 3.80 ಮೀಟರ್. ಅದಕ್ಕಾಗಿ ಬಾಗಲಕೋಟೆ, ಇಳಕಲ್ ಮೈದಾನಗಳಲ್ಲಿ ಅಣ್ಣಂದಿರು ಕಟ್ಟೆಯಿಂದ ಧುಮುಕಿ ಅಭ್ಯಾಸ ಮಾಡುವುದನ್ನು ನೋಡಿ ಹೈಸ್ಕೂಲ್ ಹುಡುಗರೂ ಧುಮುಕುತ್ತಾರೆ. ಪ್ಲಯೋಮೆಟ್ರಿಕ್ ಎನ್ನುವ ಈ ಜಿಗಿತದ ವ್ಯಾಯಾಮ ಅವರಿಗೂ ಒಳ್ಳೆಯದೇ. ಆದರೆ ಎತ್ತರ ಅದೇ ಇರಬಾರದು ಎಂಬುದು ನನ್ನ ವಾದ.

ನಾವು ಬಿಇಯಲ್ಲಿ ಮಾಡುವ ಸರಳ ಲೆಕ್ಕವನ್ನೇ ನೋಡಿ. 60 ಸೆಂ.ಮೀ. ಎತ್ತರದಿಂದ ಬಿದ್ದು, ಮಂಡಿ ಹೆಚ್ಚು ಮಡಿಸದೆ ದೇಹ 10 ಸೆಂ.ಮೀ.ನಲ್ಲೇ ನಿಂತರೆ ಕಾಲಿನ ಮೇಲೆ ಸರಾಸರಿ ದೇಹತೂಕದ ಏಳು ಪಟ್ಟು ಬಲ ಬೀಳುತ್ತದೆ. 20 ಸೆಂ.ಮೀ.ನಿಂದ ಇಳಿದು, ಸೊಂಟ ಮತ್ತು ಮಂಡಿ ಬಗ್ಗಿಸಿ ಇನ್ನೂ 20 ಸೆಂ.ಮೀ. ಕುಗ್ಗಿದರೆ ಎರಡು ಪಟ್ಟು ಮಾತ್ರ.

ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಹಾಗಾಗಿ ಆರಂಭಕ್ಕೆ 20–30 ಸೆಂ.ಮೀ. ಎತ್ತರ, ಮಣ್ಣಿನ ನೆಲ ಸಾಕು. ಪಾದದ ಮುಂಭಾಗ ಮೊದಲು ತಾಗಬೇಕು, ಮಂಡಿಗಳು ಕಾಲ್ಬೆರಳಿನ ನೇರಕ್ಕೇ ಬಾಗಬೇಕು. ಮಂಡಿಗಳು ಒಳಕ್ಕೆ ವಾಲಿದರೆ ಅಥವಾ ‘ಧಪ್’ ಎಂದು ಸದ್ದಾದರೆ ಎತ್ತರ ಇಳಿಸಿ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಬಿಡುವು, ದಿನಕ್ಕೆ ಸುಮಾರು 50 ಜಿಗಿತ. ಆ ಉಬ್ಬನ್ನು ಒತ್ತಿದಾಗ ನೋವಾದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸದ್ದಿಲ್ಲದೆ ಇಳಿಯಲು ಬಂದ ಮೇಲೆಯೇ ಎತ್ತರ ಏರಿಸಲಿ.